ಬಾದಾಮಿ ಶಾಸನ ಕಾರ್ಯಾಗಾರಕ್ಕೆ ಸಂಪನ್ಮೂಲ ವ್ಯಕ್ತಿಯನ್ನು ಕರೆಯುವ ಪತ್ರ: ಕರಡು ನೋಡಿ ಹೇಳ್ರಿ

ಮಲಪ್ರಭಾ ದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಫೆಬ್ರುವರಿ 20, 2026, ಶುಕ್ರವಾರ ನಮ್ಮ ವಿಭಾಗದಿಂದ ಒಂದು ದಿನದ ಶಾಸನ ಕಾರ್ಯಾಗಾರ ಇಟ್ಟುಕೊಂಡಿದ್ದೇವೆ. 60 ವಿದ್ಯಾರ್ಥಿಗಳು. ಬೆಳಿಗ್ಗೆ ಕಾಲೇಜಿನಲ್ಲಿ ಪಾಠ, ಮಧ್ಯಾಹ್ನ ಬಸ್ಸಿನಲ್ಲಿ ಬಾದಾಮಿಗೆ ಹೋಗಿ ಗುಹೆಯ ಹತ್ತಿರ ಶಾಸನ ಓದಿಸುವುದು, ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಇಳಿಸುವ ಪಡಿಯಚ್ಚು ತೆಗೆಯುವುದನ್ನು ತೋರಿಸುವುದು. ಮೈಸೂರಿನ ಒಬ್ಬ ಪ್ರಾಧ್ಯಾಪಕರನ್ನು ಕರೆಯುವ ಆಲೋಚನೆ. ಫೋನಿನಲ್ಲಿ ಮಾತಾಡಿದ್ದೇನೆ. "ಪತ್ರ ಕಳಿಸಿ, ನೋಡೋಣ" ಎಂದಿದ್ದಾರೆ. ಕಾಲೇಜಿನ ಹಳೇ ಫೈಲಿನ ಮಾದರಿ ನೋಡಿ ಹೀಗೆ ಬರೆದಿದ್ದೇನೆ:

> ಮಾನ್ಯರೇ, ನಮ್ಮ ಮಹಾವಿದ್ಯಾಲಯದ ಇತಿಹಾಸ ವಿಭಾಗದ ವತಿಯಿಂದ ದಿನಾಂಕ 20-02-2026ರಂದು "ಶಾಸನಗಳು ಮತ್ತು ಕರ್ನಾಟಕ ಸಂಸ್ಕೃತಿ" ಎಂಬ ವಿಷಯದ ಮೇಲೆ ಒಂದು ದಿನದ ಕಾರ್ಯಾಗಾರವನ್ನು ಹಮ್ಮಿಕೊಳ್ಳಲಾಗಿದೆ. ಸದರಿ ಕಾರ್ಯಾಗಾರಕ್ಕೆ ತಾವು ಸಂಪನ್ಮೂಲ ವ್ಯಕ್ತಿಗಳಾಗಿ ಆಗಮಿಸಿ, ತಮ್ಮ ಅಮೂಲ್ಯ ವಿಚಾರಗಳನ್ನು ಹಂಚಿಕೊಂಡು ಕಾರ್ಯಕ್ರಮದ ಶೋಭೆ ಹೆಚ್ಚಿಸಬೇಕೆಂದು ವಿನಂತಿ. ತಮಗೆ ಯಥೋಚಿತ ಗೌರವಧನ ಹಾಗೂ ಪ್ರಯಾಣ ಭತ್ಯೆ ನೀಡಲಾಗುವುದು.

ಪ್ರಿನ್ಸಿಪಾಲರು ಸಹಿ ಮಾಡುವ ಮುಂಚೆ ಇನ್ನೇನು ಸೇರಿಸಬೇಕು ಹೇಳಿ.

ಬೆಳಗಾವಿ ಕುಂದಾ:
ಮೇಡಂ, ಉದ್ಘಾಟಕರು ಯಾರು, ಅಧ್ಯಕ್ಷತೆ ಯಾರದ್ದು, ಸಾನ್ನಿಧ್ಯ ಯಾರದ್ದು ಅಂತ ಇಲ್ಲವೇ ಇಲ್ಲ. ಸಂಸ್ಥೆಯ ಚೇರ್ಮನ್ನರ ಹೆಸರು ಮೊದಲು ಬರಬೇಕು, ಆಮೇಲೆ ಆಡಳಿತ ಮಂಡಳಿ ಸದಸ್ಯರು. ಹೋದ ವರ್ಷ ನಮ್ಮಲ್ಲಿ ಒಬ್ಬರ ಹೆಸರು ಕೆಳಗೆ ಹೋಗಿ ದೊಡ್ಡ ಗಲಾಟೆ ಆಗಿತ್ತು. ಕಾರ್ಡು ಆರ್ಟ್ ಪೇಪರಿನ ಮೇಲೆ ಮಾಡಿಸಿ, ಚೆನ್ನಾಗಿ ಕಾಣುತ್ತದೆ.

ಮಲಪ್ರಭಾ ದಂಡೆ:
ಸರ್, ಅದು ಆಮಂತ್ರಣ ಪತ್ರಿಕೆ. ಅದು ಬೇರೆ ಮಾಡಿಸುತ್ತೇವೆ. ನಾನು ಕೇಳಿದ್ದು ಪ್ರಾಧ್ಯಾಪಕರೊಬ್ಬರಿಗೇ ಕಳಿಸುವ ಪತ್ರ.

ಹಳೇ ಹಾಜರಿ:
ನಾನು ಈಗ ನಿವೃತ್ತ. ನೌಕರಿಯಲ್ಲಿದ್ದಾಗ ಇಂಥ ಪತ್ರ ಬಹಳ ಬಂದಿವೆ, ನಾನೂ ಬಹಳ ಬರೆದಿದ್ದೇನೆ. ಮೇಡಂ, ನಿಮ್ಮ ಪತ್ರದಲ್ಲಿ ಗೌರವ ಇದೆ, ಆದರೆ ಬರುವವರು ಏನು ಮಾಡಬೇಕು ಅನ್ನುವುದು ಇಲ್ಲ. "ಶಾಸನಗಳು ಮತ್ತು ಕರ್ನಾಟಕ ಸಂಸ್ಕೃತಿ" ಅಂದರೆ ಅವರು ಅಶೋಕನ ಮಸ್ಕಿಯಿಂದ ಶುರು ಮಾಡಿ ವಿಜಯನಗರದವರೆಗೆ ಒಂದೂವರೆ ತಾಸು ಮಾತಾಡಬಹುದು. ಅದು ಉಪನ್ಯಾಸ ಆಯಿತು, ಕಾರ್ಯಾಗಾರ ಆಗಲಿಲ್ಲ. ನಿಮಗೆ ಬೇಕಾಗಿರುವುದು ಹುಡುಗರು ಅಕ್ಷರ ಗುರುತು ಹಿಡಿದು ಎರಡು ಸಾಲು ಓದುವುದು, ಅಲ್ವಾ? ಹಾಗಾದರೆ ವಿಷಯವನ್ನು ಹಾಗೇ ಬರೆಯಿರಿ: "ಬಾದಾಮಿ ಚಾಲುಕ್ಯರ ಕಾಲದ ಕನ್ನಡ ಲಿಪಿ ಓದುವುದು."

ಅದರ ಕೆಳಗೆ ವಿದ್ಯಾರ್ಥಿಗಳ ಬಗ್ಗೆ ಎರಡು ಸಾಲು ಇರಲಿ. ಯಾವ ವರ್ಷದವರು, ಹಳಗನ್ನಡ ಎಷ್ಟು ಓದಿದ್ದಾರೆ, ಲಿಪಿ ಮುಂಚೆ ನೋಡಿದ್ದಾರೋ ಇಲ್ಲವೋ. ಇದು ಗೊತ್ತಿಲ್ಲದೆ ಬಂದವರು ಮೊದಲ ಅರ್ಧ ತಾಸು ಹುಡುಗರ ಮಟ್ಟ ಅಳೆಯುವುದರಲ್ಲೇ ಕಳೆಯುತ್ತಾರೆ.

ಯಾವ ಶಾಸನ ಅನ್ನುವುದನ್ನೂ ನೀವೇ ಸೂಚಿಸಿ, ಬದಲಾಯಿಸುವ ಸ್ವಾತಂತ್ರ್ಯ ಅವರಿಗೆ ಬಿಡಿ. ನನ್ನನ್ನು ಕೇಳಿದರೆ ತರಗತಿಯಲ್ಲಿ ಕಪ್ಪೆ ಅರಭಟ್ಟನ ಶಾಸನದ ಫೋಟೊ. ಸುಮಾರು 700ರ ಕಾಲದ್ದು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಹುಡುಗರಿಗೆ ಮೊದಲೇ ಬಾಯಿಪಾಠ ಇರುತ್ತದೆ. ಗೊತ್ತಿರುವ ಮಾತಾದ್ದರಿಂದ ಕಲ್ಲಿನ ಮೇಲೆ "ಸಾ" ಎಲ್ಲಿದೆ, "ಧು" ಎಲ್ಲಿದೆ ಅಂತ ತಾವೇ ಹುಡುಕುತ್ತಾರೆ. ಒಂದೇ ಅಕ್ಷರ ಮತ್ತೆ ಮತ್ತೆ ಬರುವುದರಿಂದ ಬೇಗ ಹತ್ತುತ್ತದೆ. ಆಮೇಲೆ ಬಾದಾಮಿಗೆ ಹೋದಾಗ ಮೂರನೇ ಗುಹೆಯ ಮಂಗಲೇಶನ ಶಾಸನ. ಶಕ 500, ಅಂದರೆ ಕ್ರಿ.ಶ. 578. ಆದರೆ ಅದು ಸಂಸ್ಕೃತ ಭಾಷೆ, ಕನ್ನಡ ಲಿಪಿ. ಹುಡುಗರು ಅಕ್ಷರ ಓದುತ್ತಾರೆ, ಅರ್ಥ ಆಗುವುದಿಲ್ಲ, "ನಮಗೆ ಬರಲಿಲ್ಲ" ಅಂದುಕೊಳ್ಳುತ್ತಾರೆ. ಹೊರಗೆ ಮಂಗಲೇಶನದೇ ಕನ್ನಡ ಶಾಸನ ಇದೆ, ಮೊದಲು ಅದನ್ನು ಹಿಡಿಯಬಹುದು. ಎರಡರಲ್ಲಿ ಯಾವುದು ಅನ್ನುವುದು ಬರುವವರ ತೀರ್ಮಾನ. ಆದರೆ ಆ ಪ್ರಶ್ನೆ ಪತ್ರದಲ್ಲೇ ಇದ್ದರೆ ಅವರು ತಯಾರಾಗಿ ಬರುತ್ತಾರೆ.

ಜಮಾ ಖರ್ಚು:
ನಾನು ಕಾಲೇಜು ಆಫೀಸಿನವನು. "ಯಥೋಚಿತ" ಅಂತ ಬರೆದರೆ ನಾಳೆ ವೋಚರ್ ಪಾಸ್ ಮಾಡುವಾಗ ನಮಗೇ ತೊಂದರೆ. ಮೊತ್ತ ಹಾಕಿ. ಅದರಲ್ಲಿ 10% ಟಿಡಿಎಸ್ ಕಟ್ಟಾಗುತ್ತದೆ ಅಂತಲೂ ಹಾಕಿ, ಅದು ಕಡ್ಡಾಯ. 4,000 ಕೊಟ್ಟರೆ ಕೈಗೆ 3,600. ಮೊದಲೇ ಹೇಳದಿದ್ದರೆ ಆಮೇಲೆ ಫೋನ್ ಮಾಡಿ ಜಗಳ ತೆಗೆಯುತ್ತಾರೆ.

ಗುಡಿ ಓಣಿ, ವಿಜಯಪುರ:
ಮೊತ್ತ ಹಾಕಬೇಕು ಅನ್ನುವುದು ಸರಿ. ಟಿಡಿಎಸ್ ಕಡ್ಡಾಯ ಅನ್ನುವುದು ಪೂರ್ತಿ ಸರಿ ಅಲ್ಲ. ನಾನು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ಗೌರವಧನವನ್ನು 194ಜೆ ಸೆಕ್ಷನ್ನಿನಲ್ಲಿ ನೋಡುತ್ತಾರೆ. ಅದಕ್ಕೊಂದು ಮಿತಿ ಇದೆ. ಒಬ್ಬ ವ್ಯಕ್ತಿಗೆ ಒಂದು ಆರ್ಥಿಕ ವರ್ಷದಲ್ಲಿ ನಿಮ್ಮ ಸಂಸ್ಥೆ ಕೊಡುವ ಒಟ್ಟು ಮೊತ್ತ ಆ ಮಿತಿ ದಾಟಿದರೆ ಮಾತ್ರ ಹಿಡಿಯಬೇಕು. ಮುಂಚೆ 30,000 ಇತ್ತು, 2025ರ ಏಪ್ರಿಲ್‌ನಿಂದ 50,000 ಆಗಿದೆ. 4,000 ರೂಪಾಯಿಗೆ 400 ಹಿಡಿಯುವ ಅಗತ್ಯ ಇಲ್ಲ. ಬಹಳ ಆಫೀಸುಗಳಲ್ಲಿ "ಎದಕ್ಕೂ ಇರಲಿ" ಅಂತ ಹಿಡಿದುಬಿಡುತ್ತಾರೆ. ಆಮೇಲೆ ಆ ಪುಣ್ಯಾತ್ಮರು ರಿಟರ್ನ್ ಹಾಕಿ ವಾಪಸ್ ಪಡೆಯಬೇಕು.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ, ಸೆಕ್ಷನ್ ನಂಬರ್ ಬದಲಾಗುತ್ತದೆ. ಅದಕ್ಕೇ ಪತ್ರದಲ್ಲಿ ಸೆಕ್ಷನ್ ಬರೆಯುವ ಗೋಜಿಗೆ ಹೋಗಬೇಡಿ. ಪ್ಯಾನ್ ಮಾತ್ರ ತರಿಸಿಕೊಂಡಿರಿ.

ಜಮಾ ಖರ್ಚು:
ನಮ್ಮ ಆಡಿಟರ್ ಎಲ್ಲದಕ್ಕೂ ಹಿಡಿಯಲು ಹೇಳುತ್ತಾರೆ. ಅವರನ್ನು ಬಿಟ್ಟು ನಾನು ನಡೆಯುವುದಿಲ್ಲ.

ಗುಡಿ ಓಣಿ, ವಿಜಯಪುರ:
ಹಿಡಿದರೆ ತಪ್ಪೇನಿಲ್ಲ ಸರ್, ಹಿಡಿದದ್ದನ್ನು ಸರಿಯಾಗಿ ಕಟ್ಟಿ, ಅವರ ಪ್ಯಾನ್‌ಗೆ ತೋರಿಸಬೇಕು ಅಷ್ಟೇ. ಹಿಡಿದು ಕಟ್ಟದೇ ಬಿಟ್ಟರೆ ಅದು ಬೇರೆ ಕಥೆ.

ಮಲಪ್ರಭಾ ದಂಡೆ:
ಎರಡು ಅವಧಿಗೆ ತಲಾ 2,000ದಂತೆ 4,000ಕ್ಕೆ ಮಂಜೂರಾತಿ ಇದೆ. ಮೊತ್ತ ಬರೆದರೆ ಅವರಿಗೆ ಬೇಜಾರಾಗಬಹುದು ಅಂತ ಪ್ರಿನ್ಸಿಪಾಲರು ಹಿಂದೆಮುಂದೆ ನೋಡುತ್ತಿದ್ದಾರೆ. ದೊಡ್ಡ ಹೆಸರಿನವರು, ಮೊತ್ತ ಸಣ್ಣದು.

ಚಾಲುಕ್ಯರ ನೆರೆಮನೆ:
ನಾನು ಬಾದಾಮಿಯವನು, ಪ್ರವಾಸಿಗರನ್ನು ಗುಹೆಗೆ ಕರೆದುಕೊಂಡು ಹೋಗುವುದೇ ನನ್ನ ಕೆಲಸ. ದುಡ್ಡಿನ ಮಾತು ಆಮೇಲೆ ಆಡಿ, ಮೊದಲು ದಿನ ಬದಲಾಯಿಸಿ ಮೇಡಂ. ಶುಕ್ರವಾರ ಪುರಾತತ್ವ ಇಲಾಖೆಯ ಮ್ಯೂಸಿಯಂ ಬಂದ್. ಗುಹೆ ತೆಗೆದಿರುತ್ತವೆ, ಮ್ಯೂಸಿಯಂ ಇರುವುದಿಲ್ಲ. 60 ಹುಡುಗರನ್ನು ಕರೆತಂದು ಬಾಗಿಲ ಮುಂದೆ ನಿಲ್ಲಿಸಿದವರನ್ನು ಕಂಡಿದ್ದೇನೆ. ಜನವರಿ ಇಟ್ಟುಕೊಳ್ಳದಿದ್ದದ್ದು ಒಳ್ಳೆಯದಾಯಿತು. ಬನದ ಹುಣ್ಣಿಮೆ ಜನವರಿ 3ಕ್ಕೆ ಇದೆ. ಅಲ್ಲಿಂದ ಬನಶಂಕರಿ ಜಾತ್ರೆ ಸುಮಾರು ಒಂದು ತಿಂಗಳು. ರೂಮಿಗೂ ಗಾಡಿಗೂ ಪರದಾಡಬೇಕಾಗುತ್ತಿತ್ತು.

ಇನ್ನೊಂದು ಮುಖ್ಯ ವಿಷಯ. ಪಡಿಯಚ್ಚು ಅಂದಿರಲ್ಲ, ಗುಹೆಯ ಗೋಡೆ ಮೇಲೆ ಯಾರೂ ಕೈ ಹಾಕಲು ಬಿಡುವುದಿಲ್ಲ. ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತುವ ಕೆಲಸ ಅದು. ಸಂರಕ್ಷಿತ ಸ್ಮಾರಕದಲ್ಲಿ ಇಲಾಖೆಯ ಲಿಖಿತ ಅನುಮತಿ ಬೇಕು, ಅರ್ಜಿ ಧಾರವಾಡದ ವೃತ್ತ ಕಚೇರಿಗೆ ಹೋಗಬೇಕು. ಬಸ್ಸಿನಿಂದ ಇಳಿದು ಅಲ್ಲಿನ ಸಿಬ್ಬಂದಿಯನ್ನು ಕೇಳಿದರೆ ಅವರ ಕೈಯಲ್ಲಿ ಏನೂ ಇಲ್ಲ.

ಹಳೇ ಹಾಜರಿ:
ಇವರು ಹೇಳಿದ್ದು ಬಹಳ ದೊಡ್ಡ ಮಾತು. ಪತ್ರದಲ್ಲಿ "ಬಾದಾಮಿಯಲ್ಲಿ ಪಡಿಯಚ್ಚು ಪ್ರಾತ್ಯಕ್ಷಿಕೆ" ಅಂತ ಬರೆದಿದ್ದರೆ, ಬರುವವರು ಅನುಮತಿ ಪತ್ರದ ನಕಲು ಕೇಳುತ್ತಿದ್ದರು. ಇಲ್ಲವಾದರೆ ಅನುಮತಿ ಇದೆ ಅಂತಲೇ ತಿಳಿದು ಸಾಮಾನು ಹೊತ್ತು ತರುತ್ತಿದ್ದರು. ಇದಕ್ಕೆ ಸುಲಭ ದಾರಿ ಇದೆ. ಪಡಿಯಚ್ಚನ್ನು ಕಾಲೇಜಿನಲ್ಲೇ ಮಾಡಿಸಿ. ಊರಿನಲ್ಲಿ ಕಲ್ಲು ಕೆತ್ತುವವರು ಇದ್ದಾರೆ. ಒಂದು ಕಡಪಾ ಕಲ್ಲಿನ ಮೇಲೆ ನಾಲ್ಕು ಸಾಲು ಕೆತ್ತಿಸಿಡಿ. ಹುಡುಗರು ತಾವೇ ಕಾಗದ ಹಚ್ಚಿ ಬಡಿಯಬಹುದು, ಹರಿದರೆ ಮತ್ತೊಂದು. ಬಾದಾಮಿಯಲ್ಲಿ ಬರೀ ಕಣ್ಣಿನಿಂದ ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಕಾಗದ, ಬ್ರಷ್, ಮಸಿ ಯಾರು ತರಬೇಕು ಅನ್ನುವುದೂ ಪತ್ರದಲ್ಲಿ ಬರಲಿ.

ಇನ್ನು ಮೊತ್ತದ ವಿಷಯ. ಬರೆಯಿರಿ. 4,000 ಸಣ್ಣದು ಅಂತ ಅವರಿಗೂ ಗೊತ್ತು, ನಿಮಗೂ ಗೊತ್ತು. ಬೇಜಾರಾಗುವುದು ಮೊತ್ತಕ್ಕಲ್ಲ, ಕವರಿನಲ್ಲಿ ಎಷ್ಟಿದೆ ಅಂತ ರೈಲಿನಲ್ಲಿ ಕುಳಿತು ಎಣಿಸುವ ಸ್ಥಿತಿಗೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯ ನೆನಪಿನ ಕಾಣಿಕೆ ಇವಕ್ಕೆಲ್ಲ ಎಷ್ಟು ಖರ್ಚಾಗುತ್ತದೆ ಲೆಕ್ಕ ಹಾಕಿ. ಆ ಗಾಜಿನ ಪೆಟ್ಟಿಗೆ ರೈಲಿನಲ್ಲಿ ಒಯ್ಯುವುದೇ ಒಂದು ಶಿಕ್ಷೆ. ಅದನ್ನು ಬಿಟ್ಟು ಗೌರವಧನಕ್ಕೆ ಸೇರಿಸಿದರೆ ಯಾರೂ ಬೇಡ ಅನ್ನುವುದಿಲ್ಲ.

ಬೆಳಗಾವಿ ಕುಂದಾ:
ಸನ್ಮಾನ ಬಿಟ್ಟರೆ ನಮ್ಮ ಕಡೆ ಮರ್ಯಾದೆ ಇಲ್ಲ ಅಂತಾರೆ ಸರ್. ನೀವು ಹೇಳುವುದು ನಡೆಯುವ ಮಾತಲ್ಲ.

ಕೃಷ್ಣೆ ತೀರದಾಕೆ:
ನನ್ನ ಅನುಭವ ಹೇಳಿಬಿಡುತ್ತೇನೆ. ಒಂದು ಸಂಸ್ಥೆಯವರು ಕಸೂತಿ ಕಾರ್ಯಾಗಾರಕ್ಕೆ ಕರೆದಿದ್ದರು. ಪತ್ರದಲ್ಲಿ "ಪ್ರಯಾಣ ವೆಚ್ಚ ಭರಿಸಲಾಗುವುದು" ಅಂತ ಇತ್ತು. ಸ್ಟೇಷನ್ನಿಗೆ ಯಾರೂ ಬರಲಿಲ್ಲ, ಆಟೊ ಮಾಡಿಕೊಂಡು ಹೋದೆ. ಮುಗಿದ ಮೇಲೆ ಆಟೊ ಬಿಲ್ ಕೇಳಿದರು. ಆಟೊದವನು ಬಿಲ್ ಕೊಡುತ್ತಾನೇನ್ರಿ? ರೈಲಿನ ಟಿಕೆಟು ಮಗ ಬುಕ್ ಮಾಡಿದ್ದ, ಅವನ ಫೋನಿನಲ್ಲಿತ್ತು. "ಮೂಲ ಪ್ರತಿ ಬೇಕು" ಅಂದರು. ಮೂರು ತಿಂಗಳಾದ ಮೇಲೆ ಬ್ಯಾಂಕ್ ಪಾಸ್‌ಬುಕ್ ನಕಲು ಕೇಳಿ ಫೋನ್ ಬಂತು. ಆ ದಿನ ನನ್ನನ್ನು ಕೂಡಿಸಿಕೊಂಡು ಊಟ ಮಾಡಿದ್ದರಲ್ಲ, ಆಗಲೇ ಕೇಳಬಹುದಿತ್ತು.

ದಾರ, ಸೂಜಿ, ಬಟ್ಟೆ ಎಲ್ಲ ನಾನೇ ಒಯ್ದಿದ್ದೆ. ಅದರ ದುಡ್ಡಂತೂ ಬರಲೇ ಇಲ್ಲ.

ಮಲಪ್ರಭಾ ದಂಡೆ:
ಅಕ್ಕಾ, ಇದನ್ನು ಓದಿದ ಮೇಲೆ ಪ್ರಯಾಣದ ಪ್ಯಾರಾ ಬೇರೆ ಥರ ಬರೆಯಬೇಕು ಅನಿಸಿತು. ಟಿಕೆಟ್ ನಾವೇ ತೆಗೆದು ಕಳಿಸಿದರೆ ಹೇಗೆ? ಬಸವ ಎಕ್ಸ್‌ಪ್ರೆಸ್ ನೇರ ಬಾಗಲಕೋಟೆಗೇ ಬರುತ್ತದೆ.

ಚಾಲುಕ್ಯರ ನೆರೆಮನೆ:
ಬರುತ್ತದೆ, ಆದರೆ ರಾಯಚೂರು, ಸೊಲ್ಲಾಪುರ, ವಿಜಯಪುರ ಎಲ್ಲ ಸುತ್ತಿಕೊಂಡು ಬರುತ್ತದೆ ಮೇಡಂ. ಹೆಸರು ನೋಡಿ ಬುಕ್ ಮಾಡಬೇಡಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ತೆಗೆಯಿರಿ. ಅದು ಹುಬ್ಬಳ್ಳಿ, ಗದಗ, ಬಾದಾಮಿ ಮೇಲೆ ಬರುತ್ತದೆ.

ಬೆಳಗಾವಿ ಕುಂದಾ:
ಬುಕಿಂಗ್ 120 ದಿನ ಮುಂಚೆ ಶುರುವಾಗುತ್ತದೆ. ಈಗ ಡಿಸೆಂಬರ್. ಸೀಟು ಮುಗಿದಿರುತ್ತವೆ.

ಗುಡಿ ಓಣಿ, ವಿಜಯಪುರ:
120 ಹಳೇ ಲೆಕ್ಕ. 2024ರ ನವೆಂಬರ್‌ನಿಂದ 60 ದಿನ ಮಾಡಿದ್ದಾರೆ. ಫೆಬ್ರುವರಿ ಪ್ರಯಾಣಕ್ಕೆ ಇನ್ನೂ ತೆಗೆದೇ ಇಲ್ಲ. ಪತ್ರಕ್ಕೆ ಉತ್ತರ ಬೇಗ ಬಂದರೆ ತೆಗೆದ ದಿನವೇ ಮಾಡಬಹುದು.

ಹಳೇ ಹಾಜರಿ:
ಪ್ರಯಾಣದ ಬಗ್ಗೆ ನನ್ನದೊಂದು ತಕರಾರು. ರಾತ್ರಿಯಿಡೀ ರೈಲಿನಲ್ಲಿ ಬಂದವರನ್ನು ಅದೇ ದಿನ ಬೆಳಿಗ್ಗೆ 10ಕ್ಕೆ ನಿಲ್ಲಿಸಿ ಸಂಜೆವರೆಗೆ ಮಾತಾಡಿಸಬೇಡಿ. ಒಂದು ದಿನ ಮುಂಚೆ ಕರೆಸಿ. ರೂಮನ್ನು ಯಾವಾಗಿನಿಂದ ತೆಗೆಯುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಲಾಡ್ಜಿನವರ ದಿನ ಮಧ್ಯಾಹ್ನ 12ಕ್ಕೆ ಶುರುವಾಗುವುದೇ ಜಾಸ್ತಿ. ಬೆಳಕು ಹರಿಯುವ ಮುಂಚೆ ಇಳಿದವರಿಗೆ "12ಕ್ಕೆ ಬನ್ನಿ" ಅಂದರೆ ಸ್ಟೇಷನ್ನಿನಲ್ಲೇ ಕೂರಬೇಕು. ಹಿಂದಿನ ರಾತ್ರಿಯಿಂದಲೇ ರೂಮು ಹಿಡಿಯಿರಿ.

ಇನ್ನು ಬಾಗಲಕೋಟೆ ಅಂದರೆ ಯಾವ ಬಾಗಲಕೋಟೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಹಳೇ ಊರು, ವಿದ್ಯಾಗಿರಿ, ನವನಗರ ಮೂರೂ ಬೇರೆ ಬೇರೆ ಕಡೆ. ಕಾಲೇಜು ಎಲ್ಲಿ, ರೂಮು ಎಲ್ಲಿ ಅಂತ ಬರೆಯಿರಿ.

ಕೊನೆಯದು, ಎಲ್ಲಕ್ಕಿಂತ ಜಾಸ್ತಿ ಮರೆಯುವುದು. ಅವರು ಇನ್ನೂ ಸೇವೆಯಲ್ಲಿದ್ದಾರೆ. ಒಒಡಿ, ಅಂದರೆ ಕರ್ತವ್ಯದ ಮೇಲೆ ಹೊರಗೆ ಹೋಗಲು ಅನುಮತಿ, ಸಿಗಬೇಕಾದರೆ ಪತ್ರ ಅವರ ವಿಶ್ವವಿದ್ಯಾಲಯಕ್ಕೂ ಹೋಗಬೇಕು. ಅವರ ಹೆಸರಿಗೆ ಬರೆದು, ವಿಭಾಗದ ಮುಖ್ಯಸ್ಥರಿಗೂ ಕುಲಸಚಿವರಿಗೂ ಪ್ರತಿ ಹಾಕಿ. ಕಾಲೇಜಿನ ಲೆಟರ್‌ಹೆಡ್, ಪತ್ರದ ಸಂಖ್ಯೆ, ದಿನಾಂಕ, ಪ್ರಿನ್ಸಿಪಾಲರ ಸಹಿ, ಸೀಲು ಇರಲೇಬೇಕು. ವಾಟ್ಸಾಪಿನಲ್ಲಿ ಫೋಟೊ ಕಳಿಸಿದರೆ ಅಲ್ಲಿನ ಆಫೀಸು ಒಪ್ಪುವುದಿಲ್ಲ. ಕಾರ್ಯಕ್ರಮ ಮುಗಿದ ದಿನವೇ ಹಾಜರಾತಿ ಪ್ರಮಾಣಪತ್ರ ಕೈಗೆ ಕೊಡಿ.

ಜಮಾ ಖರ್ಚು:
ಒಂದು ರಾತ್ರಿ ಹೆಚ್ಚಿಗೆ ರೂಮು ಅಂದರೆ ಖರ್ಚಿನ ಅಂದಾಜು ಬದಲಾಗುತ್ತದೆ. ಮೊದಲು ಮಂಜೂರಾತಿ ತೆಗೆದುಕೊಳ್ಳಿ, ಆಮೇಲೆ ಪತ್ರ. ಪತ್ರ ಹೋದ ಮೇಲೆ ಫೈಲು ತಂದರೆ ನಾನಂತೂ ಸಹಿ ಹಾಕುವುದಿಲ್ಲ.

ಮಲಪ್ರಭಾ ದಂಡೆ:
ಪ್ರಿನ್ಸಿಪಾಲರ ಹತ್ತಿರ ಮಾತಾಡಿದೆ. ದಿನ ಶನಿವಾರ, ಫೆಬ್ರುವರಿ 21ಕ್ಕೆ ಹೋಯಿತು. ಹೆಚ್ಚಿನ ರೂಮಿಗೂ ಟಿಪ್ಪಣಿ ಇಟ್ಟು ಒಪ್ಪಿಗೆ ತೆಗೆದುಕೊಂಡೆ. ಮೊತ್ತ ಬರೆಯಲೂ ಹ್ಞೂಂ ಅಂದರು. ಈಗ ಪತ್ರ ಹೀಗಿದೆ:

> ಮಾನ್ಯ ಪ್ರಾಧ್ಯಾಪಕರೇ,
>
> ವಿಷಯ: ಒಂದು ದಿನದ ಕಾರ್ಯಾಗಾರಕ್ಕೆ ಸಂಪನ್ಮೂಲ ವ್ಯಕ್ತಿಯಾಗಿ ಆಹ್ವಾನ
>
> ಫೋನಿನಲ್ಲಿ ಮಾತಾಡಿದಂತೆ, ನಮ್ಮ ಇತಿಹಾಸ ವಿಭಾಗವು 21-02-2026, ಶನಿವಾರ "ಬಾದಾಮಿ ಚಾಲುಕ್ಯರ ಕಾಲದ ಕನ್ನಡ ಲಿಪಿ ಓದುವುದು" ಎಂಬ ಕಾರ್ಯಾಗಾರ ನಡೆಸುತ್ತಿದೆ. ತಾವು ಬಂದು ಇದನ್ನು ನಡೆಸಿಕೊಡಬೇಕೆಂದು ಕೋರುತ್ತೇವೆ. ಭಾಗವಹಿಸುವವರು ಪದವಿ ಎರಡನೇ ಮತ್ತು ಮೂರನೇ ವರ್ಷದ 60 ವಿದ್ಯಾರ್ಥಿಗಳು. ಹಳಗನ್ನಡದ ಪರಿಚಯ ಸ್ವಲ್ಪ ಇದೆ, ಹಳೆಯ ಲಿಪಿ ಓದಿದವರು ಯಾರೂ ಇಲ್ಲ. ದಿನದ ಕೊನೆಗೆ ಪ್ರತಿಯೊಬ್ಬರೂ ಶಾಸನದ ಎರಡು ಸಾಲು ತಾವೇ ಓದಿ ಬರೆಯಬೇಕು ಎಂಬುದು ನಮ್ಮ ಆಸೆ.
>
> ಬೆಳಿಗ್ಗೆ 10ಕ್ಕೆ ಉದ್ಘಾಟನೆ, 20 ನಿಮಿಷ ಮಾತ್ರ. 10.30ರಿಂದ 12ರವರೆಗೆ ಮೊದಲ ಅವಧಿ: ಕಪ್ಪೆ ಅರಭಟ್ಟನ ಶಾಸನದ ಫೋಟೊ ಇಟ್ಟುಕೊಂಡು ಅಕ್ಷರ ಗುರುತಿಸುವುದು. 12ರಿಂದ 1ರವರೆಗೆ ಕೆತ್ತಿಸಿಟ್ಟ ಕಲ್ಲಿನ ಮೇಲೆ ಪಡಿಯಚ್ಚಿನ ಅಭ್ಯಾಸ. ಊಟದ ನಂತರ 1.45ಕ್ಕೆ ಬಸ್ ಹೊರಡುತ್ತದೆ. 3ರಿಂದ 5ರವರೆಗೆ ಬಾದಾಮಿಯ ಮೂರನೇ ಗುಹೆಯಲ್ಲಿ ಎರಡನೇ ಅವಧಿ. ಅಲ್ಲಿ ಸಂಸ್ಕೃತ ಶಾಸನ ಓದಿಸಬೇಕೋ ಹೊರಗಿನ ಕನ್ನಡ ಶಾಸನ ಓದಿಸಬೇಕೋ ತಾವು ತಿಳಿಸಿ. ಸ್ಮಾರಕದಲ್ಲಿ ಪಡಿಯಚ್ಚು ತೆಗೆಯುವುದಿಲ್ಲ. ಅಭ್ಯಾಸಕ್ಕೆ ಬೇಕಾದ ಕಾಗದ, ಬ್ರಷ್, ಮಸಿಯನ್ನು ತಾವು ಕೊಟ್ಟ ಪಟ್ಟಿಯಂತೆ ನಾವೇ ತರಿಸುತ್ತೇವೆ.
>
> ಎರಡು ಅವಧಿಗೆ ಒಟ್ಟು 4,000 ರೂಪಾಯಿ ಗೌರವಧನವನ್ನು ಕಾರ್ಯಕ್ರಮದ ನಂತರ 15 ದಿನದೊಳಗೆ ತಮ್ಮ ಬ್ಯಾಂಕ್ ಖಾತೆಗೆ ಹಾಕುತ್ತೇವೆ. ಪ್ಯಾನ್ ಮತ್ತು ಖಾತೆಯ ವಿವರವನ್ನು ಒಪ್ಪಿಗೆ ಪತ್ರದ ಜೊತೆಗೇ ಕಳಿಸಿ.
>
> ಮೈಸೂರಿನಿಂದ ಬರಲು ಹೋಗಲು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಮೂರನೇ ದರ್ಜೆ ಎಸಿ ಟಿಕೆಟನ್ನು ನಾವೇ ತೆಗೆದು ಕಳಿಸುತ್ತೇವೆ. 19ರಂದು ಗುರುವಾರ ಹೊರಟರೆ ಶುಕ್ರವಾರ ಇಲ್ಲಿ ವಿಶ್ರಾಂತಿ ತೆಗೆದುಕೊಳ್ಳಬಹುದು. ನವನಗರದಲ್ಲಿ ರೂಮು 19ರ ರಾತ್ರಿಯಿಂದಲೇ ತಮ್ಮ ಹೆಸರಿನಲ್ಲಿ ಇರುತ್ತದೆ. ಸ್ಟೇಷನ್ನಿಗೆ ನಮ್ಮ ಉಪನ್ಯಾಸಕರೊಬ್ಬರು ಗಾಡಿ ತೆಗೆದುಕೊಂಡು ಬರುತ್ತಾರೆ. ಊಟ, ಮೆಟ್ಟಿಲು ಹತ್ತುವುದು ಇಂಥ ವಿಷಯದಲ್ಲಿ ನಾವು ಗಮನಿಸಬೇಕಾದದ್ದು ಇದ್ದರೆ ತಿಳಿಸಿ.
>
> ಟಿಕೆಟ್ ಕಾಯ್ದಿರಿಸುವ ಸಲುವಾಗಿ ತಮ್ಮ ಉತ್ತರ ಡಿಸೆಂಬರ್ 18ರೊಳಗೆ ಬಂದರೆ ಅನುಕೂಲ.

ಕೆಳಗೆ ಪ್ರಿನ್ಸಿಪಾಲರ ಸಹಿ, ಆಮೇಲೆ ಪ್ರತಿಗಳು.

ಹಳೇ ಹಾಜರಿ:
ಮೆಟ್ಟಿಲಿನ ಮಾತು ಹಾಕಿದ್ದು ಒಳ್ಳೆಯದು. ಮೂರನೇ ಗುಹೆಗೆ ಸಾಕಷ್ಟು ಹತ್ತಬೇಕು, ಮೊಣಕಾಲು ನೋವಿರುವವರು ಮೊದಲೇ ಹೇಳಿಬಿಡುತ್ತಾರೆ. ಒಂದೇ ಕೊರತೆ. 60 ಹುಡುಗರನ್ನು ಒಂದೇ ಕಂಬದ ಮುಂದೆ ಒಬ್ಬರೇ ಹೇಗೆ ಓದಿಸುತ್ತಾರೆ? ಮುಂದಿನ 10 ಜನಕ್ಕೆ ಅಕ್ಷರ ಕಾಣುತ್ತದೆ, ಉಳಿದವರು ಮಂಗ ನೋಡುತ್ತಾ ನಿಲ್ಲುತ್ತಾರೆ. ಮೂರು ಗುಂಪು ಮಾಡಿ. ಒಂದು ಗುಂಪು ಗುಹೆಯಲ್ಲಿ, ಒಂದು ಹೊರಗೆ ಕನ್ನಡ ಶಾಸನದ ಹತ್ತಿರ, ಒಂದು ಮ್ಯೂಸಿಯಂನಲ್ಲಿ. ನಿಮ್ಮ ಇಬ್ಬರು ಉಪನ್ಯಾಸಕರು ಜೊತೆಗೆ ನಿಲ್ಲಬೇಕು, ಅದನ್ನು ಪತ್ರದಲ್ಲಿ ಹೇಳಿ.

ಚಾಲುಕ್ಯರ ನೆರೆಮನೆ:
ಮ್ಯೂಸಿಯಂ ಇರುವುದು ಹೊಂಡದ ಆಚೆ ದಂಡೆಗೆ, ಗುಹೆಯ ಪಕ್ಕದಲ್ಲಲ್ಲ. ಎರಡು ತಾಸಿನಲ್ಲಿ ಮೂರು ಗುಂಪು ಅದಲು ಬದಲು ಮಾಡುವುದು ಆಗುವುದಿಲ್ಲ ಸರ್. ನನ್ನ ಮಾತು ಕೇಳಿದರೆ ಇಡೀ ಕಾರ್ಯಾಗಾರವನ್ನೇ ಬಾದಾಮಿಯಲ್ಲಿ ಮಾಡಿ. ಬೆಳಿಗ್ಗೆ ಓರೆ ಬಿಸಿಲಿನಲ್ಲಿ ಹೊರಗಿನ ಬಂಡೆಯ ಅಕ್ಷರ ಎದ್ದು ಕಾಣುತ್ತವೆ. ನೆತ್ತಿ ಮೇಲೆ ಬಿಸಿಲು ಬಂದರೆ ಎಲ್ಲ ಚಪ್ಪಟೆ.

ಮಲಪ್ರಭಾ ದಂಡೆ:
ಬಾದಾಮಿಯಲ್ಲಿ ಹಾಲ್ ಬಾಡಿಗೆ, ಪ್ರೊಜೆಕ್ಟರ್, 60 ಜನರ ಊಟ ಎಲ್ಲ ಹೊಸದಾಗಿ ಹೊಂದಿಸಬೇಕು. ಮಂಜೂರಾತಿ ಮತ್ತೆ ತಿದ್ದಲು ಈಗ ಧೈರ್ಯ ಇಲ್ಲ. ಎರಡೇ ಗುಂಪು ಮಾಡಿ, ಮ್ಯೂಸಿಯಂ ಬಿಡುವ ಆಲೋಚನೆ ಇದೆ.

ಬೆಳಗಾವಿ ಕುಂದಾ:
ಮ್ಯೂಸಿಯಂ ಬಿಡುವುದಾದರೆ ಶುಕ್ರವಾರವೇ ಇರಬಹುದಿತ್ತಲ್ಲ ಮೇಡಂ? ಮತ್ತೆ 20 ನಿಮಿಷದಲ್ಲಿ ಉದ್ಘಾಟನೆ ಮುಗಿಸುತ್ತೇವೆ ಅಂತ ಬರೆದುಕೊಟ್ಟಿದ್ದೀರಿ. ನಿಮ್ಮ ಚೇರ್ಮನ್ನರು ಮೈಕು ಬಿಡುತ್ತಾರಾ?

ಮಲಪ್ರಭಾ ದಂಡೆ:
ಚೇರ್ಮನ್ನರ ಭಾಷಣ ಸಮಾರೋಪಕ್ಕೆ ಹಾಕೋಣ ಅಂತ ಪ್ರಿನ್ಸಿಪಾಲರಿಗೆ ಹೇಳಿ ನೋಡುತ್ತೇನೆ. ಒಪ್ಪಿದರೆ ಬಾದಾಮಿಯಿಂದ ಬಸ್ ಬರುವವರೆಗೆ ಅವರು ಕಾಯಬೇಕಾಗುತ್ತದೆ, ಅದೊಂದು ತಲೆನೋವು. ಶನಿವಾರ ಮಾತ್ರ ಶನಿವಾರವೇ ಇರಲಿ. ಮಧ್ಯಾಹ್ನದ ಪಾಠಗಳು ಅವತ್ತು ಹೇಗೂ ಇರುವುದಿಲ್ಲ.

ಕೃಷ್ಣೆ ತೀರದಾಕೆ:
ತಂಗಿ, ಸ್ಟೇಷನ್ನಿಗೆ ಬರುವವರ ಹೆಸರು, ಫೋನ್ ನಂಬರ್ ಪತ್ರದಲ್ಲೇ ಬರೆಯಿರಿ. "ಉಪನ್ಯಾಸಕರೊಬ್ಬರು" ಅಂದರೆ ನಸುಕಿನಲ್ಲಿ ಯಾರಿಗೆ ಫೋನ್ ಮಾಡಬೇಕು?

ಮಲಪ್ರಭಾ ದಂಡೆ:
ಸೇರಿಸಿದೆ ಅಕ್ಕಾ. ಇಬ್ಬರ ನಂಬರ್ ಹಾಕಿದ್ದೇನೆ. ನಾಳೆ ಸಹಿ ಆದ ಮೇಲೆ ಸ್ಪೀಡ್ ಪೋಸ್ಟ್ ಒಂದು, ಇ-ಮೇಲ್ ಒಂದು.